ಹೆಡ್‌ಫೋನ್ ಟಿವಿಗೆ ಅಂಟಿಕೊಳ್ಳದಂತೆ ಮಾಡಲು ಯಾವ ದಾರಿ ಮೇಲು?

ನಮ್ಮ ಮನೆಯಲ್ಲಿ ಒಂದೇ ಹೆಡ್‌ಫೋನ್‌ಗೆ ನನ್ನ ಆಂಡ್ರಾಯ್ಡ್ ಫೋನ್, ಹಳೇ ಟ್ಯಾಬ್, ಹಾಲ್‌ನ ಟಿವಿ ಮೂರೂ ಪೇರ್ ಆಗಿದ್ದವು. ರೂಮಿನಲ್ಲಿ ಹೆಡ್‌ಫೋನ್ ಆನ್ ಮಾಡಿದರೆ ಸಾಕು, ಹಾಲ್‌ನಲ್ಲಿ ಅಮ್ಮ ನೋಡುತ್ತಿದ್ದ ಧಾರಾವಾಹಿಯ ಸದ್ದು ಅಲ್ಲಿ ನಿಂತುಹೋಗಿ ನನ್ನ ಕಿವಿಗೆ ಬರುತ್ತಿತ್ತು. ಇದಕ್ಕಿರುವ ದಾರಿಗಳನ್ನು ಒಂದೊಂದಾಗಿ ಮಾಡಿ ನೋಡಿದೆ.

ಪೇರ್ ಮಾಡಿದಾಗ ಒಂದನ್ನೊಂದು ಗುರುತು ಹಿಡಿಯಲು ಎರಡೂ ಕಡೆ ಒಂದು ಕೀ ಉಳಿಯುತ್ತದೆ. ಆಮೇಲೆ ಹೆಡ್‌ಫೋನ್ ಆನ್ ಆದಾಗಲೆಲ್ಲ ಸಾಮಾನ್ಯವಾಗಿ ಕೊನೆಗೆ ಬಳಸಿದ್ದನ್ನು ಹುಡುಕುತ್ತದೆ, ಅದೇ ಹೊತ್ತಿಗೆ ಕೆಲವು ಟಿವಿ, ಲ್ಯಾಪ್‌ಟಾಪ್‌ಗಳು ತಾವೇ ಅದನ್ನು ಕರೆಯುತ್ತವೆ, ಯಾರು ಮೊದಲೋ ಅವರಿಗೆ ಸಿಗುತ್ತದೆ. ಎಳೆದುಕೊಳ್ಳುತ್ತಿರುವುದು ಯಾವುದು ಅಂತ ಗೊತ್ತಾಗದಿದ್ದರೆ ಫೋನಿನ ಬ್ಲೂಟೂತ್ ಆಫ್ ಮಾಡಿ ಹೆಡ್‌ಫೋನ್ ಆನ್ ಮಾಡಿ. ಯಾವುದಕ್ಕೆ ಕನೆಕ್ಟ್ ಆಗುತ್ತದೋ ಅದೇ.

ಡಿಸ್‌ಕನೆಕ್ಟ್ ಒತ್ತುವುದು ಸುಲಭ, ಆದರೆ ಆ ಹೊತ್ತಿಗೆ ಮಾತ್ರ. ಮುಂದಿನ ಸಲ ಆನ್ ಮಾಡಿದಾಗ ಮತ್ತೆ ಅದೇ ಕಥೆ.

ಟ್ಯಾಬ್‌ಗೆ ನನಗೆ ಹಿಡಿಸಿದ್ದು ಬೇರೆ ದಾರಿ. ಬ್ಲೂಟೂತ್ ಪಟ್ಟಿಯಲ್ಲಿ ಹೆಡ್‌ಫೋನ್ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ, Media audio ಮತ್ತು Phone calls ಎರಡನ್ನೂ ಆಫ್ ಮಾಡಿ. ಪೇರಿಂಗ್ ಹಾಗೇ ಇರುತ್ತದೆ, ಟ್ಯಾಬ್‌ನ ಸದ್ದು ಮಾತ್ರ ಹೆಡ್‌ಫೋನ್‌ಗೆ ಹೋಗುವುದಿಲ್ಲ. ಬೇಕಾದಾಗ ಮತ್ತೆ ಆನ್ ಮಾಡಿಕೊಂಡರೆ ಆಯಿತು.

ನಮ್ಮ ಟಿವಿಯಲ್ಲಿ ಈ ಆಯ್ಕೆ ಇಲ್ಲ, ಹಾಗಾಗಿ ಅಲ್ಲಿ Forget ಕೊಟ್ಟೆ. ಕೀ ಹೋದ ಮೇಲೆ ಹೆಡ್‌ಫೋನ್ ತಾನಾಗಿ ಟಿವಿಯನ್ನು ಹುಡುಕಿದರೂ ಟಿವಿ ಒಪ್ಪುವುದಿಲ್ಲ. ಯಾವಾಗಾದರೂ ಟಿವಿಗೆ ಹಾಕಿಕೊಳ್ಳಬೇಕು ಅಂದರೆ ಹೊಸದಾಗಿ ಪೇರ್ ಮಾಡಬೇಕು, ಅದೊಂದೇ ತೊಂದರೆ. ನಾನಂತೂ ರಾತ್ರಿ ಸಿನಿಮಾಗೆ ವೈರ್ ಚುಚ್ಚಿಕೊಳ್ಳುತ್ತೇನೆ.

ಕೆಲವು ಹೆಡ್‌ಫೋನ್‌ಗಳ ಆ್ಯಪ್‌ನಲ್ಲೂ ಪೇರ್ ಆದವುಗಳ ಪಟ್ಟಿ ಇರುತ್ತದೆ, ಅಲ್ಲಿಂದಲೂ ತೆಗೆಯಬಹುದು. ಹಾಗೆ ಒಂದೇ ಕಡೆ ತೆಗೆದರೆ ಟಿವಿ ಮಾತ್ರ ಹಳೇ ಹೆಸರನ್ನು ತೋರಿಸುತ್ತಾ ಕನೆಕ್ಟ್ ಆಗದೆ ಒದ್ದಾಡುತ್ತದೆ, ಆದ್ದರಿಂದ ಎರಡೂ ಕಡೆ ಅಳಿಸಿ. ಅದೇ ಆ್ಯಪ್‌ನಲ್ಲಿ ಒಟ್ಟಿಗೆ ಎರಡಕ್ಕೆ ಕನೆಕ್ಟ್ ಆಗುವ ಮಲ್ಟಿಪಾಯಿಂಟ್ ಇದ್ದರೆ ಅದನ್ನೂ ನೋಡಿ. ಅದು ಆನ್ ಇದ್ದಾಗ ಫೋನ್ ಜೊತೆಗೇ ಇನ್ನೊಂದು ಬಂದು ಸೇರಿಕೊಳ್ಳಲು ಜಾಗ ಇರುತ್ತದೆ.

ಹೆಡ್‌ಫೋನನ್ನು ಪೂರ್ತಿ ರೀಸೆಟ್ ಮಾಡುವುದು ಕೊನೆಯ ದಾರಿ. ಪಟ್ಟಿ ಎಲ್ಲಾ ಖಾಲಿ ಆಗುತ್ತದೆ, ಫೋನಿನಲ್ಲೂ ಹಳೇ ಹೆಸರು ಅಳಿಸಿ ಮತ್ತೆ ಪೇರ್ ಮಾಡಬೇಕು. ಆ್ಯಪ್ ಇಲ್ಲದ ಅಗ್ಗದ ಹೆಡ್‌ಫೋನ್ ಯಾರದೋ ಫೋನಿಗೆ ಹೋಗುತ್ತಿದ್ದರೆ ಮಾತ್ರ ಇದು ಸರಿ.

ಏರ್‌ಪಾಡ್ಸ್ ಇರುವವರು Forget ಕೊಡುವ ಮುಂಚೆ ಯೋಚಿಸಿ. ಅದೇ ಐಕ್ಲೌಡ್ ಖಾತೆಯಲ್ಲಿರುವ ಉಳಿದ ಸಾಧನಗಳಿಂದಲೂ ಅದು ಹೊರಟುಹೋಗುತ್ತದೆ. ಮ್ಯಾಕ್ ಎಳೆದುಕೊಳ್ಳುತ್ತಿದ್ದರೆ, ಮ್ಯಾಕ್‌ನಲ್ಲೇ ಏರ್‌ಪಾಡ್ಸ್ ಸೆಟ್ಟಿಂಗ್‌ಗೆ ಹೋಗಿ Automatically ಬದಲು When Last Connected to This Mac ಆರಿಸಿದರೆ ಸಾಕು.