ಬಿಲ್ಲಿನ ಫೋಟೋ, ಉದ್ದದ ಸಂಖ್ಯೆಗಳು: ಮೂರು ಬಗೆಯ ಪರಿಶೀಲನೆಯ ಹೋಲಿಕೆ

ವಿದ್ಯುತ್ ಸಾಮಾನಿನ ಅಂಗಡಿಯೊಂದರ ಲೆಕ್ಕ ಬರೆಯುವ ನನಗೆ ಖರೀದಿ ಬಿಲ್ಲುಗಳು ಬಹುಪಾಲು ವಾಟ್ಸ್ಆ್ಯಪ್ ಫೋಟೋಗಳಾಗಿಯೇ ಬರುತ್ತವೆ. ಅವುಗಳಲ್ಲಿನ ಜಿಎಸ್‌ಟಿ ನೋಂದಣಿ ಸಂಖ್ಯೆ, ಬಿಲ್ ಸಂಖ್ಯೆ ಮತ್ತು ಪಂಪು, ಇನ್ವರ್ಟರುಗಳ ಸೀರಿಯಲ್ ಸಂಖ್ಯೆಗಳನ್ನು ಅಕ್ಷರ ಅಕ್ಷರವಾಗಿ ಸರಿನೋಡಲು ಮೂರು ಕ್ರಮಗಳನ್ನು ಬಳಸಿ ನೋಡಿದ್ದೇನೆ.

ಒಬ್ಬನೇ ಕುಳಿತು ಟೈಪಿಸಿ, ಮತ್ತೆ ತಾಳೆ ನೋಡುವುದು ಮೊದಲನೆಯದು. ಒಮ್ಮೆ 3 ಎಂದು ಓದಿದ 8 ಎರಡನೆಯ ಸಲವೂ 3 ಆಗಿಯೇ ಕಾಣುವುದರಿಂದ ಇದನ್ನು ಬೇಗನೆ ಕೈಬಿಟ್ಟೆ.

ಫೋಟೋದಿಂದ ಅಕ್ಷರಗಳನ್ನು ಮೊಬೈಲಿನಿಂದಲೇ ಎತ್ತಿಸಿ, ಸೂತ್ರದಿಂದ ಪರೀಕ್ಷಿಸುವುದು ಎರಡನೆಯದು. ನೋಂದಣಿ ಸಂಖ್ಯೆಯ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ. ಅದರ 15 ಸ್ಥಾನಗಳಲ್ಲಿ ಮೊದಲೆರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ನಂತರದ ಹತ್ತು ಪ್ಯಾನ್. ಆ ಹತ್ತರಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ ಎಂಬ ಕ್ರಮ ಖಚಿತವಾದ್ದರಿಂದ O ಮತ್ತು 0, S ಮತ್ತು 5 ಇವುಗಳ ಗೊಂದಲ ಸ್ಥಾನ ನೋಡಿದರೇ ಬಗೆಹರಿಯುತ್ತದೆ. ಕೊನೆಯ ಅಕ್ಷರವು ಹಿಂದಿನ 14ರಿಂದ ಲೆಕ್ಕ ಹಾಕಿ ಬರುವ ತಾಳೆ ಅಕ್ಷರ. ಮಾದರಿಗೆಂದು ನಾನೇ ಹೊಂದಿಸಿಕೊಂಡ `29ABCDE1234F1ZW` ಸರಿಯಾಗಿ ಕೂಡುತ್ತದೆ. ಅದರ 3 ಅನ್ನು 8 ಎಂದು ಓದಿದರೆ ಕೊನೆಗೆ W ಬದಲು M ಬರಬೇಕಾಗುತ್ತದೆ, ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಆದರೆ ಒಂದು ಸ್ಥಾನ ಬಿಟ್ಟು ಅದಲುಬದಲಾದ ಅಂಕಿಗಳಿಗೆ ಈ ಲೆಕ್ಕದಲ್ಲಿ ಒಂದೇ ತೂಕವಿರುವುದರಿಂದ `29ABCDE3214F1ZW` ಎಂಬುದೂ ತಾಳೆಯಾಗಿಬಿಡುತ್ತದೆ! ಯಂತ್ರ ಓದಿದಾಗ ಹೀಗಾಗುವುದು ಅಪರೂಪ, ಕೈಯಲ್ಲಿ ಟೈಪಿಸುವಾಗ ಮಾತ್ರ ಎಚ್ಚರ ಬೇಕು.

ಬಿಲ್ ಸಂಖ್ಯೆಯಲ್ಲಿ ಈ ಕಾವಲಿಲ್ಲ. ನಿಯಮದ ಪ್ರಕಾರ ಅದು 16 ಅಕ್ಷರ ಮೀರುವಂತಿಲ್ಲ ಎಂಬುದನ್ನು ಬಿಟ್ಟರೆ, `BLR/25-26/0381` ಎಂಬುದು 0331 ಆದರೂ ಯಾವ ಸೂತ್ರವೂ ದೂರುವುದಿಲ್ಲ.

ಇಂಥಲ್ಲಿ ಮೂರನೆಯ ಕ್ರಮವೇ ಗೆದ್ದಿತು: ಒಬ್ಬರು ಫೋಟೋ ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆಯ ಮೇಲಿರುವುದನ್ನು ಗುರುತಿಸುತ್ತ ಹೋಗುವುದು. ಆರಂಭದಲ್ಲಿ ನಮ್ಮ ಹುಡುಗ ಸೊನ್ನೆಗೆ 'ಓ' ಎನ್ನುತ್ತಿದ್ದ, 33ಕ್ಕೆ 'ಡಬಲ್ ತ್ರೀ' ಎನ್ನುತ್ತಿದ್ದ, ಅಂಗಡಿಯ ಗದ್ದಲದಲ್ಲಿ ಫೈವ್ ಯಾವುದು ನೈನ್ ಯಾವುದು ತಿಳಿಯುತ್ತಿರಲಿಲ್ಲ. ಅಂಕಿಗಳನ್ನು ಕನ್ನಡದಲ್ಲಿ, ಒಂದೊಂದಾಗಿ, ನಾಲ್ಕು ನಾಲ್ಕರ ಗುಂಪಿನಲ್ಲಿ ಹೇಳಲು ಗೊತ್ತುಮಾಡಿದ ಮೇಲೆ ಕೇಳಿಸಿಕೊಳ್ಳುವ ತಪ್ಪುಗಳು ಬಹುತೇಕ ನಿಂತವು. ಇಬ್ಬರ ಸಮಯ ಹಿಡಿಯುತ್ತದೆ ಎಂಬ ಕೊರತೆ ಉಂಟು. ಹಾಗಾಗಿ ನೋಂದಣಿ ಸಂಖ್ಯೆಯನ್ನು ಸೂತ್ರಕ್ಕೆ ಬಿಟ್ಟು, ಉಳಿದವುಗಳನ್ನಷ್ಟೇ ಓದಿಸುತ್ತೇನೆ.

ಸರಿಯಾಗಿ ಓದಿದ ಸಂಖ್ಯೆಯೂ ಎಕ್ಸೆಲ್‌ನಲ್ಲಿ ಕೆಡಬಹುದು. ಅಂಕಿಗಳಷ್ಟೇ ಇರುವ 17 ಸ್ಥಾನದ ಸೀರಿಯಲ್ ಸಂಖ್ಯೆಯನ್ನು ನೇರವಾಗಿ ಟೈಪಿಸಿದರೆ 15ರ ನಂತರದ ಎರಡೂ ಸೊನ್ನೆಯಾಗುತ್ತವೆ, ಆರಂಭದಲ್ಲಿ ಸೊನ್ನೆಗಳಿದ್ದರೆ ಅವು ಮಾಯವಾಗುತ್ತವೆ. ಆದುದರಿಂದ ಆ ಕಾಲಮ್ಮನ್ನು ಮೊದಲೇ Text ಎಂದು ಬದಲಿಸಿದ ನಂತರವೇ ತುಂಬಲು ಕೂರುತ್ತೇವೆ.