ಕ್ವಿಕ್, ಮರ್ಜ್, ಇನ್ಸರ್ಷನ್: ಯಾವಾಗ ಯಾವ ಸಾರ್ಟ್?

ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಈ ಮೂರು ವಿಧಾನಗಳಲ್ಲಿ, ಸಮಯ ನೋಡಿದರೆ ಮರ್ಜ್ ಸಾರ್ಟ್ ನಂಬಿಕಸ್ತ. ಬೆಸ್ಟ್, ಆವರೇಜ್, ವರ್ಸ್ಟ್ ಮೂರರಲ್ಲೂ O(n log n). ಕ್ವಿಕ್ ಸಾರ್ಟ್ ಮೊದಲೆರಡರಲ್ಲಿ ಅಷ್ಟೇ, ವರ್ಸ್ಟ್‌ನಲ್ಲಿ ಮಾತ್ರ O(n²).

ಇದು ಸುಮ್ನೆ ಪುಸ್ತಕದ ಭಯವಲ್ಲ. ಕ್ವಿಕ್ ಸಾರ್ಟ್ ಪಿವಟ್ ಅನ್ನೋ ಒಂದು ಸಂಖ್ಯೆಗೆ ಹೋಲಿಸಿ ಪಟ್ಟಿಯನ್ನು ಎರಡು ಕಡೆಗೆ ಒಡೆಯುತ್ತದೆ. ಮೊದಲ ಸಂಖ್ಯೆಯನ್ನೇ ಪಿವಟ್ ಮಾಡಿ, ಆಗಲೇ ಜೋಡಿಸಿಟ್ಟ 1,000 ಸಂಖ್ಯೆ ಕೊಡಿ. ಪ್ರತಿ ಸಲವೂ ಒಂದು ಕಡೆ ಖಾಲಿ, ಉಳಿದದ್ದೆಲ್ಲ ಇನ್ನೊಂದು ಕಡೆ. 999 + 998 + … + 1, ಅಂದರೆ 4,99,500 ಹೋಲಿಕೆ! ಇನ್ಸರ್ಷನ್ ಸಾರ್ಟ್ ಅದೇ ಪಟ್ಟಿಯನ್ನು 999ರಲ್ಲಿ ಮುಗಿಸುತ್ತದೆ. ಅದರ ಬೆಸ್ಟ್ O(n), ಉಳಿದೆರಡೂ O(n²). ಪಿವಟ್ ರ‍್ಯಾಂಡಮ್ ಆಗಿ ಆರಿಸಿದರೆ ಕ್ವಿಕ್‌ನ ಈ ಕಾಟ ಬಹುಪಾಲು ತಪ್ಪುತ್ತದೆ.

ಹೆಚ್ಚುವರಿ ಜಾಗ ಅರೇಗಳಲ್ಲಿ ಮರ್ಜ್‌ಗೆ O(n), ಕ್ವಿಕ್‌ಗೆ ಸಾಮಾನ್ಯವಾಗಿ O(log n), ಇನ್ಸರ್ಷನ್‌ಗೆ O(1). ಮೆಮೊರಿ ಕಡಿಮೆ ಇದ್ದರೆ ಕ್ವಿಕ್. ಸಮಾನ ಅಂಶಗಳ ಮೂಲ ಕ್ರಮ ಉಳಿಯಬೇಕು, ಪಟ್ಟಿಯೂ ದೊಡ್ಡದು ಅಂದರೆ ಮರ್ಜ್. ಪಟ್ಟಿ ಪುಟ್ಟದೋ, ಹೆಚ್ಚುಕಮ್ಮಿ ಜೋಡಿಸಿದ್ದೋ ಆದರೆ ಇನ್ಸರ್ಷನ್ನೇ ಸಾಕು.