ಮನೆ ಮಾಡಿಗೆ ಇಟ್ಟ ದುಡ್ಡು: ಎಫ್‌ಡಿ ಒಂದು ಕಡೆ, ಆರ್ಬಿಟ್ರೇಜ್ ಇನ್ನೊಂದು ಕಡೆ

ನನ್ನ ಓಟು ಎಫ್‌ಡಿಗೆ. ಬೆಂಗಳೂರಿನ ಭಾವ ಇದನ್ನು ಒಪ್ಪೋದಿಲ್ಲ. ಅವರ ಲೆಕ್ಕದಲ್ಲಿ ಅವರದ್ದೂ ಸರಿಯೇ.

ಶಿರಸಿ ಹತ್ತಿರದ ನಮ್ಮ ಮನೆಯ ಮಾಡಿನ ಪಕಾಸು, ರೀಪು ಬದಲಿಸಬೇಕಿತ್ತು. ಮಳೆಗಾಲದಲ್ಲಿ ಆಗುವ ಕೆಲಸ ಅಲ್ಲ. 2025ರ ಜೂನ್‌ನಲ್ಲಿ ಕೈಗೆ ಬಂದ 4 ಲಕ್ಷ ಫೆಬ್ರವರಿವರೆಗೆ ಎಲ್ಲಾದರೂ ಇರಬೇಕಿತ್ತು. ಅರ್ಧ ಬ್ಯಾಂಕಿನ ಎಫ್‌ಡಿಗೆ, ಅರ್ಧ ಆರ್ಬಿಟ್ರೇಜ್ ಫಂಡಿಗೆ ಹಾಕಿದೆ.

ಈ ಫಂಡು ಒಂದೇ ಷೇರನ್ನು ನಗದು ಮಾರುಕಟ್ಟೆಯಲ್ಲಿ ಕೊಂಡು, ಮುಂದಿನ ತಾರೀಖಿಗೆ ಮಾರುವ ಒಪ್ಪಂದವಾದ ಫ್ಯೂಚರ್ಸ್‌ನಲ್ಲಿ ಮಾರುತ್ತದೆ. ನಡುವಿನ ಬೆಲೆ ವ್ಯತ್ಯಾಸವೇ ಗಳಿಕೆ. ಪೇಟೆ ಏರಲಿ ಇಳಿಯಲಿ, ದೊಡ್ಡ ಪೆಟ್ಟಿಲ್ಲ. ಆದರೆ ತೆರಿಗೆಗೆ ಇದು ಷೇರು ಫಂಡು. ತಕರಾರು ಶುರುವಾಗುವುದೇ ಅಲ್ಲಿ.

ಎಂಟು ತಿಂಗಳಿಗೆ ಎಫ್‌ಡಿ ಕೊಟ್ಟದ್ದು ಸುಮಾರು 8,600 ರೂಪಾಯಿ, ಫಂಡು ಸುಮಾರು 8,400. ವರ್ಷದೊಳಗೆ ತೆಗೆದರೆ ಫಂಡಿನ ಲಾಭಕ್ಕೆ 20% ತೆರಿಗೆ, ಅದರ ಮೇಲೆ 4% ಸೆಸ್. 30%ರ ಸ್ಲ್ಯಾಬಿನಲ್ಲಿರುವ ಭಾವನಿಗೆ ಇದು ಲಾಭ: ಎಫ್‌ಡಿಯಲ್ಲಿ ಅವರಿಗೆ ಉಳಿಯೋದು 5,900, ಫಂಡಿನಲ್ಲಿ 6,650. ನನ್ನ ಸಂಬಳ ವರ್ಷಕ್ಕೆ 9 ಲಕ್ಷ, ಹೊಸ ತೆರಿಗೆ ಪದ್ಧತಿ. ಆದಾಯ 12 ಲಕ್ಷದೊಳಗಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ, ಅಲ್ವಾ? ಎಫ್‌ಡಿ ಬಡ್ಡಿಗೆ ಹೌದು. ಷೇರು ಫಂಡಿನ ಅಲ್ಪಾವಧಿ ಲಾಭಕ್ಕೆ ಆ ರಿಬೇಟ್ ಇಲ್ಲ. ಹಾಗಾಗಿ ಎಫ್‌ಡಿಯ 8,600 ಪೂರ್ತಿ ನನ್ನದು, ಫಂಡಿನಲ್ಲಿ 1,750 ಸರ್ಕಾರಕ್ಕೆ. ಸಾಲದ್ದಕ್ಕೆ, ಸುಮ್ನೆ ITR-1 ತುಂಬಿ ಮುಗಿಸುತ್ತಿದ್ದವನು ಈ ಲಾಭ ತೋರಿಸಲು ITR-2 ತುಂಬಬೇಕು. ಎಂಟು ಸಾವಿರಕ್ಕೆ ಇಷ್ಟು ರಗಳೆ ಯಾರಿಗೆ ಬೇಕು?

ಫಂಡಿನಿಂದ ದುಡ್ಡು ವಾಪಸ್ ಬರೋದೂ ನಿಧಾನ. ಗುರುವಾರ ಅರ್ಜಿ ಹಾಕಿದ್ದಕ್ಕೆ ಸೋಮವಾರ ಖಾತೆಗೆ ಬಂತು. ಬಡಿಗೆಯವರು ಶನಿವಾರವೇ ಮುಂಗಡ ಕೇಳಿದ್ದರು. ಅದನ್ನು ಎಫ್‌ಡಿ ಮುರಿದು ಕೊಟ್ಟೆ, ಮೊಬೈಲಿನಲ್ಲೇ ಆಯ್ತು. ಮುರಿದರೆ ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೇ ಒಂದೇ ದೊಡ್ಡ ಎಫ್‌ಡಿ ಬದಲು 50 ಸಾವಿರದ ನಾಲ್ಕು ಮಾಡಿದ್ದೆ. ಒಂದನ್ನು ಮುರಿದರೆ ಉಳಿದವಕ್ಕೆ ಏನೂ ಆಗೋದಿಲ್ಲ.

ಶಾರ್ಟ್ ಡ್ಯುರೇಶನ್ ಫಂಡನ್ನು ನಾನು ಮುಟ್ಟಲಿಲ್ಲ. ಹೆಸರಲ್ಲಿ ಶಾರ್ಟ್ ಇದ್ದರೂ ಅದರ ಸಾಲಪತ್ರಗಳ ಸರಾಸರಿ ಅವಧಿ 1ರಿಂದ 3 ವರ್ಷ. ನಡುವೆ ಬಡ್ಡಿದರ ಏರಿದರೆ ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್ಟಿನ ಬೆಲೆ, ಇಳಿಯುತ್ತದೆ, ಸುಧಾರಿಸಿಕೊಳ್ಳಲು ಎಂಟು ತಿಂಗಳು ಸಾಕಾಗದೇ ಹೋಗಬಹುದು. ತೆರಿಗೆ ಎಫ್‌ಡಿಯಂತೆಯೇ ಸ್ಲ್ಯಾಬಿನ ಪ್ರಕಾರ. ಫಂಡೇ ಬೇಕೆಂದರೆ ವರ್ಷದೊಳಗೆ ಮುಗಿಯುವ ಸಾಲಪತ್ರಗಳನ್ನಷ್ಟೇ ಕೊಳ್ಳುವ ಮನಿ ಮಾರ್ಕೆಟ್ ಫಂಡು ವಾಸಿ.

ಊರಿನ ಸೊಸೈಟಿ ಠೇವಣಿಗೆ ಬಡ್ಡಿ ಜಾಸ್ತಿ, ನಿಜ. ಆದರೆ ಬ್ಯಾಂಕಿಗಿರುವ 5 ಲಕ್ಷದ ಠೇವಣಿ ವಿಮೆ ಅದಕ್ಕಿಲ್ಲ. ಮಾಡಿನ ದುಡ್ಡನ್ನು ನಾನಂತೂ ಅಲ್ಲಿಡಲಿಲ್ಲ.